ನುಂಗಿಹೋದ ಮಕಾರ

ಮಾರ್ಚ್ ೩, ಮಂಗಳವಾರ

ಮೂಳೆ ಡಾಕ್ಟರು ಇವತ್ತೂ ಅದೇ ರಾಗ ಎಳೆದರು. ತೊಡೆಗೆ ಹಾಕಿದ ಸರಳು ಗಟ್ಟಿಯಾಗಿದೆಯಂತೆ, ನಾನು ಎದ್ದು ನಿಲ್ಲಬೇಕಂತೆ. ನಿಲ್ಲುವುದಿಲ್ಲ ಎಂದೆ. ಪ್ರೆಸ್ಸಿನ ಕಾಗದದ ರೀಲು ಉರುಳಿ ಬಂದು ಮೂಳೆ ಮುರಿದದ್ದು ನನಗೆ, ಅವರಿಗಲ್ಲ. ರೀಲಿಗೆ ಅಡ್ಡಗಟ್ಟೆ ಇಡದ ಯಜಮಾನ ಹೊರಗೆ ಕಾರಿನಲ್ಲಿ ತಿರುಗುತ್ತಾನೆ. ಕರಡು ತಿದ್ದುವವನು ಮೆಷಿನ್ ಹಾಲಿಗೆ ಯಾಕೆ ಹೋಗಬೇಕಿತ್ತು ಎಂದು ನನ್ನನ್ನೇ ಕೇಳುತ್ತಾರೆ. ಕಣ್ಣೆದುರು ತಪ್ಪು ಅಚ್ಚಾಗುತ್ತಿದ್ದರೆ ಹೋಗದೆ ಇನ್ನೇನು ಮಾಡಲಿ?

ಅಕ್ಕ ಬುತ್ತಿ ತಂದಳು. ಬಯ್ಗುಳವನ್ನೂ ತಂದಳು. "ನಿಂಗೆ ಕಾಲು ಮುರಿದಿರೋದು ಕಣೋ, ನಾಲಿಗೆ ಅಲ್ಲ. ಆ ವ್ಯಾಯಾಮದ ಮೇಡಂ ಹತ್ರ ಯಾಕೆ ಹಂಗೆ ಹಾರಾಡ್ತೀಯ?"

"ಅವರು 'ಅಭ್ಯಾಸ'ಕ್ಕೆ 'ಹಬ್ಯಾಸ' ಅಂತಾರೆ."

"ಅಂದ್ಕೊಳ್ಳಲಿ. ನಿಂತ್ಕೋ ಅಂದಾಗ ನಿಂತ್ಕೋ."

ಪ್ರೆಸ್ಸಿನ ಗೆಳೆಯರು ನನಗೆ ಒತ್ತಕ್ಷರ ಎಂದು ಅಡ್ಡಹೆಸರಿಟ್ಟು ಬಹಳ ವರ್ಷಗಳಾದವು. ಹೆಮ್ಮೆಯಿಂದಲೇ ಹೊತ್ತುಕೊಂಡಿದ್ದೇನೆ. ಒತ್ತು ಬಿಟ್ಟ ಪದವನ್ನು ಕಂಡರೆ ನನಗೆ ಅನ್ನ ಇಳಿಯುವುದಿಲ್ಲ.

ಮಾರ್ಚ್ ೪, ಬುಧವಾರ

ಪಕ್ಕದ ಹಾಸಿಗೆಗೆ ಒಬ್ಬನನ್ನು ತಂದು ಹಾಕಿದ್ದಾರೆ. ಬಸ್ ನಿಲ್ದಾಣದಲ್ಲಿ ಕುಸಿದು ಬಿದ್ದನಂತೆ. ಮೆದುಳಿಗೆ ರಕ್ತ ಹೋಗುವ ದಾರಿ ಕಟ್ಟಿ ಬಲಗೈ, ಬಲಗಾಲು ಸೋತಿವೆ. ಕೂಲಿಯವನ ಕೈ. ಉಗುರಿನ ಸಂದಿಯಲ್ಲಿ ಸಿಮೆಂಟು ಕಲ್ಲಾಗಿದೆ. ಜೇಬಿನಲ್ಲಿ ಒಂದು ಬಾಚಣಿಗೆ ಬಿಟ್ಟರೆ ಏನೂ ಇರಲಿಲ್ಲವಂತೆ.

ಮಾತೆಲ್ಲ ಹೋಗಿ ಅವನಲ್ಲಿ ಒಂದೇ ಒಂದು ಪದ ಉಳಿದಿದೆ. ನೀರು ಬೇಕಾದರೂ ಅದೇ, ನೋವಾದರೂ ಅದೇ, ಸಿಟ್ಟು ಬಂದರೂ ಅದೇ. ಧಾಟಿ ಮಾತ್ರ ಬೇರೆ ಬೇರೆ. "ಲೊಕ್ಖೊನ್." ಕೇಳುವಾಗ ಒಮ್ಮೆ "ಲೊಕ್ಖೊನ್?" ಎಂದು ಏರುತ್ತದೆ, ಬಯ್ಯುವಾಗ "ಲೊಕ್ಖೊನ್!" ಎಂದು ಮುರಿಯುತ್ತದೆ. ಮೆದುಳಿನ ಮಾತಿನ ಜಾಗಕ್ಕೆ ಏಟು ಬಿದ್ದರೆ ಹೀಗಾಗುವುದುಂಟು, ಅರ್ಥ ಅಷ್ಟಿಷ್ಟು ಆಗುತ್ತದೆ, ಬಾಯಿಗೆ ಬರುವುದು ಮಾತ್ರ ಅದೊಂದೇ ಎಂದು ಅವನನ್ನು ನೋಡಿಕೊಳ್ಳುವ ಡಾಕ್ಟರಮ್ಮ ಹೇಳಿದರು. ಹೌದು ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ಅವನ ತಲೆ ಒಂದೇ ಥರ ಆಡುತ್ತದೆ.

ಔಷಧಿ ಕಂಪನಿಯ ಪ್ರತಿನಿಧಿಯೊಬ್ಬ ಡಾಕ್ಟರಮ್ಮನನ್ನು ನೋಡಲು ಬಂದಿದ್ದ. ಕೆಲವು ವರ್ಷ ಬಂಗಾಳಿ ಆಡುವ ಊರುಗಳಲ್ಲಿ ಮಾತ್ರೆ ಮಾರಿದವನು. ಕಿವಿಗೊಟ್ಟು ಕೇಳಿ, ಪರೀಕ್ಷೆಯಲ್ಲಿ ಗೆದ್ದವನ ಹಾಗೆ ಹೇಳಿದ: "ಇದು ಬಂಗಾಳಿ ಮೇಡಂ. ಲೊಕ್ಖೊನ್ ಅಂದ್ರೆ ಲಕ್ಷಣ. ಸಿಂಪ್ಟಮ್! ಕಾಯಿಲೆ ಲಕ್ಷಣ ಹೇಳೋಕೆ ಒದ್ದಾಡ್ತಿದಾನೆ."

ಅಷ್ಟೇ. ಹಾಸಿಗೆಯ ತಲೆಬದಿಯ ಹಲಗೆಯಲ್ಲಿ "ಹೆಸರು: ತಿಳಿಯದು. 'ಲಕ್ಷಣ' ಎನ್ನುತ್ತಾನೆ" ಎಂದು ಬರೆದರು. ಸಾಯಂಕಾಲದ ಹೊತ್ತಿಗೆ ವಾರ್ಡಿಗೆಲ್ಲ ಅವನು "ಲಕ್ಷಣ"ನಾದ. "ಏನ್ ಲಕ್ಷಣವಾಗಿ ಮಲಗಿದಾನೆ ನೋಡಿ ಲಕ್ಷಣ" ಎಂದು ವಾರ್ಡಿನ ಆಯಾ ನಕ್ಕಳು. ನಾನೂ ನಕ್ಕೆ.

ಮಾರ್ಚ್ ೬, ಶುಕ್ರವಾರ

ಕಾಲು ನೋವು. ನಿಲ್ಲಲಿಲ್ಲ.

ಮಾರ್ಚ್ ೭, ಶನಿವಾರ

ವಾರಸುದಾರರಿಲ್ಲದವರು! ಈ ಪದವನ್ನು ಕಂಡುಹಿಡಿದವನ ಬಾಯಿಗೆ ಸಿಮೆಂಟು ತುರುಕಬೇಕು. ಸೂಪರಿಂಟೆಂಡೆಂಟ್ ಕಚೇರಿಯ ಗುಮಾಸ್ತ ಬಂದು ಡಾಕ್ಟರಮ್ಮನಿಗೆ ಹೇಳಿದ. ಹೆಸರು ಗೊತ್ತಿಲ್ಲ, ಕಡೆಯವರು ಬಂದಿಲ್ಲ, ಹಾಗಾಗಿ ಮುಂದಿನ ಶುಕ್ರವಾರ ಇವನನ್ನು ದೂರದ ಅನಾಥಾಲಯಕ್ಕೆ ಸಾಗಿಸುತ್ತಾರೆ. ಮಾತು ಕಲಿಸುವ, ಕೈಕಾಲು ಆಡಿಸುವ ಪುನಶ್ಚೇತನ ವಾರ್ಡು ಇದೇ ಆಸ್ಪತ್ರೆಯ ಹಿಂಬದಿಯಲ್ಲೇ ಇದೆ. ಆದರೆ ಅಲ್ಲಿ ಜೊತೆಗಿರಲು ಮನೆಯವರು ಇದ್ದವರಿಗಷ್ಟೇ ಜಾಗ.

"ಈ ಮೊದಲ ವಾರಗಳು ಕಳೆದುಹೋದರೆ ಕಷ್ಟ" ಎಂದರು ಡಾಕ್ಟರಮ್ಮ. "ತನ್ನ ಭಾಷೆ ದಿನಾ ಕಿವಿಗೆ ಬಿದ್ರೆ ಮಾತು ವಾಪಸ್ ಬರಬಹುದು. ಅಲ್ಲಿ ಹೋದ್ರೆ ಮಲಗಿಸಿ ಗಂಜಿ ಹಾಕ್ತಾರೆ, ಅಷ್ಟೇ."

ಕೈ ಇರುವ ತನಕ ಕಟ್ಟಡ ಕಟ್ಟಿಸಿಕೊಂಡರು. ಕೈ ಬಿದ್ದ ಮೇಲೆ ಇವನು ಯಾರೆಂದೇ ಗೊತ್ತಿಲ್ಲವಂತೆ.

ಅವನು ಇವತ್ತು ನನ್ನ ಕಡೆ ತಿರುಗಿ ಬಹಳ ಹೊತ್ತು ಅದನ್ನೇ ಹೇಳಿದ. ಮೆಲ್ಲಗೆ, ಎಡಗೈಯನ್ನು ಎದೆಗೆ ತಟ್ಟಿಕೊಂಡು. ನನಗೆ ಒಂದು ಅನುಮಾನ ಕೊರೆಯುತ್ತಿದೆ. ಎಲ್ಲ ಮಾತೂ ಕೊಚ್ಚಿಹೋಗಿ ಮನುಷ್ಯನಲ್ಲಿ ಒಂದೇ ಪದ ಉಳಿದರೆ, ಅದು "ರೋಗಲಕ್ಷಣ" ಆಗಿರುತ್ತದೆಯೇ? ಅದು ಡಾಕ್ಟರರ ಪದ, ಮಾತ್ರೆ ಮಾರುವವನ ಪದ. ಗಾರೆ ಕೆಲಸದವನ ಎದೆಯ ತಳದಲ್ಲಿ ಅದೇಕೆ ಕೂತಿರುತ್ತದೆ?

ಮಾರ್ಚ್ ೮, ಭಾನುವಾರ

ಬೆಳಿಗ್ಗೆಯಿಡೀ ಆ ಪದವನ್ನು ಕರಡಿನ ಹಾಗೆ ತಿದ್ದುತ್ತಾ ಕೂತೆ.

ಬಂಗಾಳಿಯವರು ನಮ್ಮ "ಅ"ವನ್ನು ತುಟಿ ದುಂಡಗೆ ಮಾಡಿ "ಒ" ಕಡೆಗೆ ಎಳೆಯುತ್ತಾರೆ. ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುತ್ತಿದ್ದ ಬಂಗಾಳಿಗೆ "ಜಲ" "ಜೊಲ್" ಆಗುತ್ತಿತ್ತು. ಕೊನೆಯ "ಅ"ವನ್ನು ಅವನು ನುಂಗಿಬಿಡುತ್ತಿದ್ದ. ನಾನು ಎಷ್ಟು ತಿದ್ದಿದ್ದೆನೋ ಪಾಪ. ಪದದ ನಡುವಿನ "ಕ್ಷ" ಅವರ ಬಾಯಲ್ಲಿ "ಕ್ಖ". ಣಕಾರ ನಕಾರವಾಗುತ್ತದೆ. ಅಂದರೆ ಲಕ್ಷಣ ಎಂಬುದು ಲೊಕ್ಖೊನ್ ಆಗುವುದು ಸರಿಯೇ. ಮಾತ್ರೆಯವನು ಸುಳ್ಳು ಹೇಳಿಲ್ಲ. ಆದರೆ ಬೇರೆ ಯಾವ ಪದವಾದರೂ ಇದೇ ದಾರಿಯಲ್ಲಿ ಸವೆದು ಇದೇ ರೂಪಕ್ಕೆ ಬರಬಹುದೇ?

ಕ್ಷ-ಕಾರಕ್ಕೆ ಇನ್ನೊಂದು ಒತ್ತು ಇದ್ದಿದ್ದರೆ? ಕೆಳಗೆ ಒಂದು ಮಕಾರ ತೂಗುತ್ತಿದ್ದು, ಬಾಯಿ ಅದನ್ನು ನುಂಗಿದ್ದರೆ?

ಲಕ್ಷ್ಮಣ!

ಕೂಗಿಯೇಬಿಟ್ಟೆ. ಅಕ್ಕನ ಕೈಯಿಂದ ಚಮಚ ಬಿತ್ತು.

ಮಾರ್ಚ್ ೯, ಸೋಮವಾರ

ಮಾತ್ರೆಯವನನ್ನು ಕಾದು ಹಿಡಿದೆ. ನರ್ಸಿನ ಮೇಜಿನಿಂದ ಒಂದು ಹಾಳೆ ಕೊಟ್ಟು, ಬಂಗಾಳಿಯಲ್ಲಿ "ಲಕ್ಷಣ" ಬರಿ, ಕೆಳಗೆ ರಾಮನ ತಮ್ಮ ಲಕ್ಷ್ಮಣನ ಹೆಸರು ಬರಿ ಎಂದೆ. ಬರೆದ. ಬರಹದಲ್ಲಿ ಎರಡಕ್ಕೂ ವ್ಯತ್ಯಾಸ ಚೆನ್ನಾಗಿಯೇ ಇತ್ತು. ಎರಡನೆಯದರ ಕ್ಷ-ಕಾರದ ಕೆಳಗೆ ಮಕಾರ ಜೋತುಕೊಂಡಿತ್ತು. ಅವರು ಬರೆಯುವುದು ನಾವು ಬರೆದಂತೆಯೇ. ಒಂದು ಅಕ್ಷರವನ್ನೂ ಬಿಟ್ಟಿಲ್ಲ.

"ಈಗ ಅವರ ಹಾಗೇ ಓದು."

"ಲೊಕ್ಖೊನ್." ಬೆರಳು ಕೆಳಗಿನ ಸಾಲಿಗೆ ಇಳಿಯಿತು. "ಲೊಕ್ಖೊ..." ಬಾಯಿ ಅರ್ಧಕ್ಕೆ ನಿಂತಿತು. ಹಣೆ ಚಚ್ಚಿಕೊಂಡ. "ಅಯ್ಯೋ ಸಾರ್! ಎರಡೂ ಒಂದೇ! ಇದಕ್ಕೆ ಕೆಲವರು ಸ್ವಲ್ಪ ಮೂಗಿನಲ್ಲಿ ಅಂತಾರೆ, ಅಷ್ಟೇ. ನಾನು ದಿನಾ ಡಾಕ್ಟರ ಹತ್ರ ಲೊಕ್ಖೊನ್ ಲೊಕ್ಖೊನ್ ಅಂತಿದ್ನಾ, ನಂಗೆ ಅದೇ ಕೇಳಿಸ್ತು."

ಬರವಣಿಗೆ ಹಳೆಯ ಮನೆಯ ಗೋಡೆಯಂತೆ ನಿಂತಿದೆ. ಒಳಗೆ ಬದುಕುವವರು ಮಾತ್ರ ಬೇರೆ ಬಾಗಿಲಿನಿಂದ ಓಡಾಡುತ್ತಿದ್ದಾರೆ.

ನಾನು ಪಕ್ಕದ ಹಾಸಿಗೆಯ ಕಡೆ ಬಗ್ಗಿ "ಲಕ್ಷ್ಮಣ" ಎಂದೆ. ಒತ್ತಿಗೆ ಒತ್ತು ಕೊಟ್ಟು, ನನ್ನ ಜೀವಮಾನದ ಶುದ್ಧ ಉಚ್ಚಾರದಲ್ಲಿ. ಸುಮ್ಮನೆ ಸೂರು ನೋಡುತ್ತಿದ್ದ. ತುಟಿ ದುಂಡಗೆ ಮಾಡಿ "ಲೊಕ್ಖೊನ್" ಎಂದೆ. ತಟ್ಟನೆ ತಿರುಗಿದ. ಮಾತ್ರೆಯವನು ಅವನ ಎದೆಯ ಮೇಲೆ ಕೈಯಿಟ್ಟು ಅವನ ಭಾಷೆಯಲ್ಲಿ "ನಿನ್ನ ಹೆಸರಾ?" ಎಂದು ಕೇಳಿದ. ಅವನು ಆ ಕೈಯನ್ನು ಎಡಗೈಯಿಂದ ಹಿಡಿದವನು ಬಿಡಲೇ ಇಲ್ಲ. ಮಾತ್ರೆಯವನಿಗೆ ಇನ್ನೊಂದು ಆಸ್ಪತ್ರೆಗೆ ಹೋಗುವುದಿತ್ತು. ಹೋಗಲಿಲ್ಲ.

"ಹಂಗಾದ್ರೆ ರಾಮ ಎಲ್ಲಿ ಹೋದ?" ಎಂದಳು ಆಯಾ.

"ರಾಮನ್ನ ಬಿಡಮ್ಮ, ಇವನ ಕಡೆಯವರು ಎಲ್ಲಿ ಅಂತ ನೋಡು" ಎಂದೆ.

ಮಾರ್ಚ್ ೧೦, ಮಂಗಳವಾರ

ಕಾರ್ಮಿಕ ಸಂಘದ ಗೆಳೆಯ ಮೈಕನಿಗೆ ಫೋನು ಮಾಡಿ ಕರೆಸಿದೆ. ಮೆರವಣಿಗೆಯಲ್ಲಿ ಇವನಿಗೆ ಮೈಕು ಬೇಕಾಗಿಲ್ಲ, ಅದಕ್ಕೇ ಆ ಹೆಸರು. ಬಸ್ ನಿಲ್ದಾಣದ ಸುತ್ತಮುತ್ತ ಕಟ್ಟಡ ಏಳುತ್ತಿರುವ ಕಡೆಯೆಲ್ಲ ಲಕ್ಷ್ಮಣನನ್ನು ಕೇಳಿಕೊಂಡು ಬಾ ಎಂದೆ. ಸಾಯಂಕಾಲ ಬೆವರು ಒರೆಸಿಕೊಳ್ಳುತ್ತ ಬಂದ.

"ಎಲ್ಲೂ ಇಲ್ಲ ಗುರುವೇ. ಒಬ್ಬ ಲಕ್ಷ್ಮಣ ಸಿಕ್ಕ, ಅವನು ನನ್ ಎದುರೇ ಬೀಡಿ ಸೇದ್ತಾ ನಿಂತಿದ್ದ."

"ಲೊಕ್ಖೊನ್ ಅಂತ ಕೇಳಿದ್ಯಾ?"

"ಕೇಳ್ದೆ. ಮೇಸ್ತ್ರಿಗಳು ನಕ್ರು."

ಆಗ ನನ್ನ ತಲೆಗೆ ಹೊಳೆಯಿತು. ಕೆಲಸದ ಜಾಗದಲ್ಲಿ ಕೂಲಿಯವನನ್ನು ಅವನ ತಾಯಿ ಕರೆದಂತೆ ಯಾರು ಕರೆಯುತ್ತಾರೆ? ಕೂಗುವವನ ನಾಲಿಗೆ ಹೇಗೆ ಹೊರಳುತ್ತದೋ ಹೆಸರೂ ಹಾಗೇ ಹೊರಳುತ್ತದೆ. ಮೈಕನನ್ನು ಕೂರಿಸಿ ಹೇಳಿದೆ.

ಕ್ಷ ಎಂಬುದು ಪ್ರಾಕೃತದ ಕಾಲದಲ್ಲೇ ಎರಡು ಹೋಳಾಯಿತು. ಕೆಲವು ಕಡೆ ಅದು ಕ್ಖ, ಕೆಲವು ಕಡೆ ಚ್ಛ. ಹಿಂದಿಯಲ್ಲಿ ಎರಡೂ ಬೆರೆತಿವೆ. ಕ್ಷೇತ್ರ ಅಲ್ಲಿ ಖೇತ್, ಅಕ್ಷಿ ಆಂಖ್. ಆದರೆ ಕ್ಷುರಿಕೆ ಛುರಿ. ಹಾಗಾಗಿ ಲಕ್ಷ್ಮಣ ಅವರಲ್ಲಿ ಒಬ್ಬನ ಬಾಯಲ್ಲಿ ಲಖನ್, ಇನ್ನೊಬ್ಬನ ಬಾಯಲ್ಲಿ ಲಛ್‌ಮನ್. ಪಂಜಾಬಿಯವರು ಲಛ್‌ಮಣ್ ಎನ್ನುತ್ತಾರೆ. ತಮಿಳಿನವರಿಗೆ ಲಕಾರದಿಂದ ಪದ ಶುರುವಾಗುವುದೇ ಹಳೆಯ ವ್ಯಾಕರಣಕ್ಕೆ ಒಗ್ಗದು. ಬರೆಯುವಾಗ ಮುಂದೆ ಒಂದು ಇಕಾರ ಹಚ್ಚಿ ಇಲಕ್ಕುವನ್ ಎಂದೋ ಇಲಟ್ಚುಮಣನ್ ಎಂದೋ ಮಾಡುತ್ತಾರೆ. ಒತ್ತಿನ ಗಂಟನ್ನು ಬಿಡಿಸಲು ನಡುವೆ ಒಂದು ಉಕಾರ, ಗಂಡಸೆಂದು ತಿಳಿಸಲು ಕೊನೆಗೆ ಅನ್. ಮಾತಿನಲ್ಲಿ ಅದು ಲಚ್ಚುಮಣನ್. ಒಡಿಯಾದವರಾದರೆ ಕೊನೆಯ ಸ್ವರವನ್ನೂ ಣಕಾರವನ್ನೂ ಬಿಡುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಲಕ್ಕಣ್ಣ, ಲಚ್ಚಣ್ಣ.

"ನಮ್ಮೋರೂ ಕೆಡಿಸ್ತಾರಾ?" ಎಂದ ಮೈಕ್.

"ಕೆಡಿಸೋದಲ್ವೋ! ರಾಕ್ಷಸನ್ನ ರಕ್ಕಸ ಅಂತೀವಿ, ಯಕ್ಷನ್ನ ಜಕ್ಕ ಅಂತೀವಿ, ಅಕ್ಷರಾನ ಅಕ್ಕರ ಅಂತೀವಿ. ಅದೇ ಕ್ಷಕಾರ ಚೂರಿಯಲ್ಲಿ ಚಕಾರ ಆಗಿದೆ. ಹಳೇ ಕವಿಗಳೇ ಹಂಗೆ ಬರೆದಿದಾರೆ."

ಹೇಳಿ ಮುಗಿಸಿದ ಮೇಲೆ ನನಗೇ ವಿಚಿತ್ರವಾಯಿತು. ರಕ್ಕಸನಿಗೆ ತದ್ಭವ ಎಂಬ ಗೌರವದ ಬಿರುದು. ಬೈಂಡಿಂಗಿನ ಹುಡುಗನ ಜೊಲ್‌ಗೆ ನನ್ನ ಕೆಂಪು ಶಾಯಿ. ಇದ್ಯಾವ ನ್ಯಾಯ?

ಮೈಕ್ ಎಲ್ಲ ರೂಪಗಳನ್ನೂ ಘೋಷಣೆಯ ಹಾಗೆ ಬಾಯಿಪಾಠ ಮಾಡಿಕೊಂಡ. "ಲಖನ್, ಲಛ್‌ಮನ್, ಲಚ್ಚುಮಣನ್, ಲಕ್ಕಣ್ಣ! ಎಲ್ಲರಿಗೂ ಜಯವಾಗಲಿ!" ಸಿಸ್ಟರ್ ಬಂದು ಅವನನ್ನು ಹೊರಗೆ ಅಟ್ಟಿದರು.

ಮಾರ್ಚ್ ೧೧, ಬುಧವಾರ

ಸಿಕ್ಕಿತು! ಸಿಕ್ಕಿತು!

ಬಸ್ ನಿಲ್ದಾಣದ ಹಿಂದಿನ ಎತ್ತರದ ಕಟ್ಟಡದಲ್ಲಿ ಹಿಂದಿ ಆಡುವ ಮೇಸ್ತ್ರಿಯೊಬ್ಬ ಮೈಕನಿಗೆ ಸಿಕ್ಕನಂತೆ. ಲಕ್ಷ್ಮಣ? ಇಲ್ಲ. ಲಖನ್? ಇಲ್ಲ. ಲಛ್‌ಮನ್ ಎನ್ನುತ್ತಿದ್ದಂತೆ ಮೇಸ್ತ್ರಿ "ನಮ್ಮ ಲಚ್ಛುನಾ?" ಎಂದನಂತೆ. ಒಂದು ವಾರದಿಂದ ಕಾಣೆ. ಲಚ್ಛುನ ಹೆಂಡತಿ ಅಲ್ಲೇ ಇಟ್ಟಿಗೆ ಹೊರುತ್ತಿದ್ದಳು. ಮೈಕ್ ಅವಳ ಹತ್ತಿರ ಹೋಗಿ, ಈ ಸಲ ಕೂಗದೆ, ಕೇಳಿದನಂತೆ: "ತಾಯಿ, ನೀನು ಅವರನ್ನ ಏನಂತ ಕರೀತೀಯ?"

"ಲೊಕ್ಖೊನ್" ಎಂದಳಂತೆ. ತಲೆಯ ಮೇಲಿನ ಇಟ್ಟಿಗೆಯನ್ನು ಕೆಳಗಿಳಿಸಲೂ ಮರೆತು ನಿಂತಿದ್ದಳಂತೆ.

ಬಂದಳು. ಹಾಸಿಗೆಯ ಅಂಚಿನಲ್ಲಿ ಕೂತಳು. ಅವನು ಅವಳ ಮುಖವನ್ನು ಎಡಗೈಯಿಂದ ತಡವಿ ತಡವಿ ತನ್ನ ಹೆಸರನ್ನೇ ಹೇಳಿದ. ಅವಳೂ ಅವನ ಹೆಸರನ್ನೇ ಹೇಳಿದಳು. ಬಹಳ ಹೊತ್ತು ಅವರಿಬ್ಬರ ಮಾತು ಅಷ್ಟೇ. ಎಲ್ಲ ಮಾತೂ ಆಯಿತು.

ಆಮೇಲೆ ಅವಳು ಹೇಳಿದ್ದು ಕೇಳಿ ನನ್ನ ರಕ್ತ ಕುದಿಯಿತು. ಅವಳು ಮೊದಲೇ ಈ ಆಸ್ಪತ್ರೆಗೆ ಬಂದಿದ್ದಳು! ನನ್ನನ್ನು ಅಣ್ಣನೆಂದು ಕರೆದು ಹರಕು ಕನ್ನಡದಲ್ಲಿ ಹೇಳಿದಳು: "ಇಲ್ಲಿ ಬಂದೆ ದಾದಾ. ಕಿಟಕಿ ಹತ್ರ ಲೊಕ್ಖೊನ್, ಲೊಕ್ಖೊನ್ ಅಂದೆ. ಅವರು ಏನು ಲಕ್ಷಣ, ಜ್ವರನಾ ಅಂದ್ರು. ನಂಗೆ ಗೊತ್ತಾಗಿಲ್ಲ, ತಲೆ ಆಡಿಸ್ದೆ. ಲೈನಲ್ಲಿ ನಿಲ್ಸಿದ್ರು. ಮಾತ್ರೆ ಕೊಟ್ರು."

ಗಂಡ ಮೇಲಿನ ಮಹಡಿಯಲ್ಲಿ ತನ್ನ ಹೆಸರನ್ನು ಕೂಗುತ್ತಿದ್ದಾನೆ. ಹೆಂಡತಿ ಕೆಳಗೆ ಅದೇ ಹೆಸರನ್ನು ಕೂಗುತ್ತಿದ್ದಾಳೆ. ನಡುವೆ ಓದು ಬರಹ ಬಲ್ಲ ನಾವೆಲ್ಲ ಕೂತು ಇಬ್ಬರಿಗೂ "ಲಕ್ಷಣ" ಹಚ್ಚಿ, ಇವಳ ಕೈಗೆ ಜ್ವರದ ಮಾತ್ರೆ ಕೊಟ್ಟಿದ್ದೇವೆ.

ಮಾರ್ಚ್ ೧೨, ಗುರುವಾರ

ಇವತ್ತು ಜಗಳ. ಒಳ್ಳೆಯ ಜಗಳ.

ಗುಮಾಸ್ತ ಬಂದು ತಗಾದೆ ತೆಗೆದ. ಹೆಂಡತಿ ತಂದ ಗುರುತಿನ ಚೀಟಿ ಬಂಗಾಳಿಯಲ್ಲಿದೆ. ಮಾತ್ರೆಯವನು ಓದಿದ ಪ್ರಕಾರ ಅದರಲ್ಲಿ ಲಕ್ಷ್ಮಣ. ಮೇಸ್ತ್ರಿ ಹೇಳುವುದು ಲಚ್ಛು. ಆಸ್ಪತ್ರೆಯ ಹಾಳೆಯಲ್ಲಿ ಲಕ್ಷಣ. ಚೀಟಿಯ ಚಿತ್ರದಲ್ಲಿರುವುದು ಮೀಸೆ ಮೂಡದ ಹುಡುಗ. "ಮೂರು ಹೆಸರು, ಮೂರು ಜನ. ಹೆಂಗ್ ಒಪ್ಪೋದು? ನಾಳೆ ಗಾಡಿ ಬರುತ್ತೆ."

ಹೆಂಡತಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ನನಗೆ ತಡೆಯಲಾಗಲಿಲ್ಲ. ಹಾಸಿಗೆ ಪಕ್ಕದಲ್ಲಿ ವ್ಯಾಯಾಮದ ಮೇಡಂ ಬಿಟ್ಟುಹೋದ ಊರುಗೋಲುಗಳಿದ್ದವು. ಸೂಪರಿಂಟೆಂಡೆಂಟರ ಕೋಣೆ ಆ ಹಾಳು ಕಾರಿಡಾರಿನ ಕೊನೆಯಲ್ಲಿದೆ. ಇಷ್ಟುದ್ದದ ಕಟ್ಟಡ ಕಟ್ಟಿದವನಿಗೆ ರೋಗಿಗಳ ಮೇಲೆ ಏನು ಸಿಟ್ಟಿತ್ತೋ. ಕಂಕುಳು ಉರಿದು ಹೋಯಿತು.

ಸೂಪರಿಂಟೆಂಡೆಂಟರು ಕನ್ನಡಕದ ಮೇಲಿಂದ ನೋಡಿದರು. "ನೀವ್ಯಾರು?"

"ಕರಡು ತಿದ್ದುವವನು. ನಿಮ್ಮ ಹಲಗೆಯಲ್ಲಿ ಒಂದು ತಪ್ಪಿದೆ, ತಿದ್ದೋಕೆ ಬಂದೆ."

ಹಾಳೆ ಎಳೆದುಕೊಂಡು ಬರೆದೆ. ಮೇಲೆ ಲಕ್ಷ್ಮಣ. ಎಡಕ್ಕೆ ಒಂದು ಗೆರೆ: ಅ ದುಂಡಗಾಯಿತು, ಕ್ಷ ಕ್ಖ ಆಯಿತು, ಮ ಅಡಗಿತು, ಣ ನ ಆಯಿತು, ಕೊನೆಯ ಅ ಬಿತ್ತು. ಲೊಕ್ಖೊನ್. ಬಲಕ್ಕೆ ಇನ್ನೊಂದು ಗೆರೆ: ಕ್ಷ ಛ ಆಯಿತು, ಮ ಉಳಿಯಿತು. ಲಛ್‌ಮನ್. ಅದನ್ನು ಅರ್ಧಕ್ಕೆ ಮುರಿದು, ಮುದ್ದಿಗೆ ಒಂದು ಉಕಾರ ಹಚ್ಚಿದರೆ ಲಚ್ಛು. "ಇದರಲ್ಲಿ ಒಂದೂ ಬಾಯಿಗೆ ಬಂದ ಹಾಗೆ ಆಗಿಲ್ಲ ಸಾರ್. ಇವನ ಹೆಸರಲ್ಲಿ ಆಗಿದ್ದೇ ಆಯಾ ಭಾಷೆಯ ಬೇರೆ ಪದಗಳಲ್ಲೂ ಆಗಿದೆ. ಬಂಗಾಳಿಯಲ್ಲಿ ಲಕ್ಷ್ಮಿ ಲೊಕ್ಖಿ. ಅಲ್ಲೂ ಮಕಾರ ಮಾಯ. ಬೇಕಾದ್ರೆ ಯಾರನ್ನಾದ್ರೂ ಕೇಳಿ."

"ಅದೆಲ್ಲ ಸರಿ, ರೂಲ್ಸ್ ಅಂತ ಒಂದಿರುತ್ತಲ್ಲಾ? ಹೆಸರು ಬೇರೆಯಾದ್ರೆ ಮನುಷ್ಯ ಬೇರೆ."

"ರಾಕ್ಷಸ ಅಂದ್ರೂ ರಕ್ಕಸ ಅಂದ್ರೂ ಒಬ್ಬನೇ ತಾನೆ ಸಾರ್? ಹೆಸರು ಎರಡಿದೆ ಅಂತ ಇಬ್ಬರು ಬಂದು ತಿಂತಾರಾ?"

ಬಾಗಿಲಲ್ಲಿ ನಿಂತಿದ್ದ ಡಾಕ್ಟರಮ್ಮ ನಗೆ ತಡೆಯಲಾರದೆ ಗೋಡೆಗೆ ತಿರುಗಿದರು. ಸೂಪರಿಂಟೆಂಡೆಂಟರ ಮೀಸೆಯೂ ಅಲ್ಲಾಡಿತು. ಗುಮಾಸ್ತ ನಡುವೆ ಬಾಯಿ ಹಾಕಿದ: "ಬೇಕಾದ್ರೆ ಲಕ್ಷ್ಮಣ ಅಲಿಯಾಸ್ ಲೊಕ್ಖೊನ್ ಅಲಿಯಾಸ್ ಲಚ್ಛು ಅಂತ ಹಾಕೋಣ ಸಾರ್."

"ಅಲಿಯಾಸ್ ಹಾಕೋದು ಪೊಲೀಸರು, ಕಳ್ಳರಿಗೆ! ಇವನು ನಾಲ್ಕು ಭಾಷೆಯವರ ಮನೆ ಕಟ್ಟಿದ್ದಾನೆ. ನಾಲ್ಕು ಭಾಷೆಯವರು ತಮ್ಮ ತಮ್ಮ ಬಾಯಿಗೆ ಬಂದಂಗೆ ಕರೆದಿದಾರೆ. ತಪ್ಪು ಯಾರದು?"

ಬಹಳ ಜೋರಾಗಿಯೇ ಕೂಗಿದೆ. ಡಾಕ್ಟರಮ್ಮ ಒಳಗೆ ಬಂದು, ಮೇಸ್ತ್ರಿಯನ್ನೂ ಜೊತೆ ಕೂಲಿಯವರನ್ನೂ ಕರೆಸಿ ಗುರುತು ಹಿಡಿಸಿದರೆ ಸಾಲದೇ, ನಾನೇ ಸಹಿ ಹಾಕುತ್ತೇನೆ ಎಂದರು. ಸೂಪರಿಂಟೆಂಡೆಂಟರು ನಾನು ಗೀಚಿದ ಹಾಳೆಯನ್ನು ಇನ್ನೊಮ್ಮೆ ನೋಡಿದರು. "ಗಾಡಿ ಬರೋದು ಬೇಡ ಅಂತ ಹೇಳು" ಎಂದರು ಗುಮಾಸ್ತನಿಗೆ.

ವಾಪಸ್ ಬರುವಾಗ ವ್ಯಾಯಾಮದ ಮೇಡಂ ಕಾರಿಡಾರಿನಲ್ಲಿ ಬಾಯಿಗೆ ಕೈ ಇಟ್ಟು ನಿಂತಿದ್ದರು. ಇವರಿಗೇನಾಯಿತೋ.

ಮಾರ್ಚ್ ೧೪, ಶನಿವಾರ

ಹೆಂಡತಿ ದಿನವಿಡೀ ಅವನ ಜೊತೆ ಮಾತಾಡುತ್ತಾಳೆ. ಊರಿನ ಕೆರೆ, ಯಾರದೋ ಕರು, ಯಾರ ಮೇಲೋ ಚಾಡಿ. ನನಗೆ ಅರ್ಧ ಅರ್ಥವಾಗುತ್ತದೆ. ಅಕ್ಷಿ ಯಾವ ಭಾಷೆಗೆ ಹೋದರೂ ಕಣ್ಣೇ ತಾನೆ. ನಾನು ಒಂದು ಪದ ಹೇಳಿದರೆ ಅವಳು ನಕ್ಕು ತಿದ್ದುತ್ತಾಳೆ. ನನ್ನ "ಜೊಲ್" ಸರಿಯಿಲ್ಲವಂತೆ. ಐದು ಸಲ ಹೇಳಿಸಿದಳು.

ಸಂಜೆ ಮೈಕ್ ಬಂದು ಬಾಗಿಲಿನಿಂದಲೇ "ಏನ್ ಒತ್ತಕ್ಷರ!" ಎಂದು ಕೂಗಿದ. ಪಕ್ಕದ ಹಾಸಿಗೆಯವನು ಬಾಯಿ ತೆರೆದ. ತುಟಿ ಬಹಳ ಹೊತ್ತು ಒದ್ದಾಡಿತು. "ಒತ್... ಒತ್ತೊಕ್ಖೊರ್."

ಹೊಸ ಪದ! ಹೆಂಡತಿ ಕಿರುಚಿದಳು. ಸಿಸ್ಟರ್ ಓಡಿ ಬಂದರು. ಕ್ಷ ಕ್ಖ ಆಗಿದೆ, ಅ ಒ ಆಗಿದೆ, ಕೊನೆಯ ಸ್ವರ ಬಿದ್ದಿದೆ. ಒಂದಿಷ್ಟೂ ತಪ್ಪಿಲ್ಲ.

"ನಿನ್ ಹೆಸ್ರು ಕೆಡಿಸ್ದ ನೋಡೋ" ಎಂದಳು ಅಕ್ಕ.

"ಏನು ಕೆಟ್ಟಿದೆ ಈಗ?" ಎಂದೆ.

ಮಾರ್ಚ್ ೧೬, ಸೋಮವಾರ

ಅವನನ್ನು ಪುನಶ್ಚೇತನ ವಾರ್ಡಿಗೆ ಸಾಗಿಸಿದರು. ಗಾಲಿಕುರ್ಚಿಯನ್ನು ಹೆಂಡತಿ ತಳ್ಳಿದಳು, ನಾನೂ ಜೊತೆಗೆ ಹೋದೆ. ಅಂಗಳ ದಾಟಿ ಇಳಿಜಾರು ಹತ್ತಬೇಕು. ಊರುಗೋಲು ಒಂದೇ ಸಾಕು, ಇನ್ನೊಂದು ಸುಮ್ಮನೆ ಅಡ್ಡ. ಅಕ್ಕ ಹಿಂದೆ ಹಿಂದೆ "ನಿಧಾನ, ನಿಧಾನ" ಎನ್ನುತ್ತಾ ಬಂದಳು. ಅವಳಿಗೆ ಈಗ ಅದು ಹೊಸ ರಾಗ.

ಬಾಗಿಲಲ್ಲಿ ಒಬ್ಬಳು ಹೊಸ ನರ್ಸು, ಮುಂದೆ ಖಾಲಿ ಹಲಗೆ, ಕೈಯಲ್ಲಿ ಸೀಮೆಸುಣ್ಣ.

"ಪೇಷಂಟ್ ಹೆಸರು?"

ಹೆಂಡತಿ ಬಾಯಿ ತೆರೆದಳು. ಅಷ್ಟರಲ್ಲಿ ಅವನೇ ಎದೆ ತಟ್ಟಿಕೊಂಡ. "ಲೊಕ್ಖೊನ್."

ನರ್ಸು ಸೀಮೆಸುಣ್ಣ ಎತ್ತಿ ನಿಂತಳು. ಎಲ್ಲಿ ಒತ್ತು, ಎಲ್ಲಿ ದೀರ್ಘ ಎಂದು ಗೊಂದಲ. ಈ ಆಸ್ಪತ್ರೆಯಲ್ಲಿ ನನ್ನ ಖ್ಯಾತಿ ಹಬ್ಬಿಬಿಟ್ಟಿದೆ ಅಂತ ಕಾಣುತ್ತದೆ, ನನ್ನ ಕಡೆ ತಿರುಗಿದಳು. "ಸಾರ್, ಇದನ್ನ ಸರಿಯಾಗಿ ಹೆಂಗೆ ಬರೀಬೇಕು?"

"ನನ್ನನ್ನ ಯಾಕೆ ಕೇಳ್ತೀಯಮ್ಮ?" ಎಂದೆ. "ಹೆಸರು ಅವರದು. ಇನ್ನೊಂದ್ಸಲ ಹೇಳ್ತಾರೆ, ಕೇಳಿಸ್ಕೊಂಡು ಬರಿ."